ಬಿದ್ದ ಡ್ರೋನ್‌ನ ಲಾಗ್ ಓದುವ ಕ್ರಮ: ಬ್ಯಾಟರಿಯೋ, ಕಂಪನವೋ, ಸೆಟ್ಟಿಂಗೋ?

ಡ್ರೋನ್ ಬಿದ್ದ ಕೂಡಲೇ ಅಪವಾದ ಬರುವುದು ಬ್ಯಾಟರಿಯ ಮೇಲೆ. ಚೆನ್ನಾಗಿ ಹಾರುತ್ತಿದ್ದದ್ದು ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಕೆಳಗೆ ಬಂದರೆ ನೋಡಿದವರಿಗೆ ಬೇರೆ ಏನು ತೋಚಬೇಕು? ಡ್ರೋನ್ ತಾನೇ ಬರೆದಿಟ್ಟ ಹಾರಾಟದ ದಾಖಲೆಯಾದ ಲಾಗ್ ತೆರೆದು ನೋಡಿದರೆ ವೋಲ್ಟೇಜ್ ಕುಸಿದದ್ದೂ ಕಾಣುತ್ತದೆ, ಅಲ್ಲಿಗೆ ತೀರ್ಪು ಮುಗಿಯಿತು ಎಂದುಕೊಳ್ಳುತ್ತಾರೆ. ಹೊಸ ಬ್ಯಾಟರಿ ತರುತ್ತಾರೆ, ಅದೇ ದೋಷವನ್ನು ಹೊತ್ತುಕೊಂಡು ಡ್ರೋನ್ ಮತ್ತೆ ಹಾರುತ್ತದೆ. ಬೀಳುವ ಹೊತ್ತಿನಲ್ಲಿ ಲಾಗ್‌ನ ಎಲ್ಲ ಗೆರೆಗಳೂ ಹುಚ್ಚಾಪಟ್ಟೆ ಕುಣಿಯುತ್ತವೆ. ಅವುಗಳಲ್ಲಿ ಯಾವುದು ಮೊದಲು ಕದಲಿತು ಎಂದು ಸಾಲು ಹಿಡಿದು ನೋಡುವುದೇ ಈ ಕೆಲಸದ ತಿರುಳು.

ಇಲ್ಲಿ ಹೇಳುವುದು ಆರ್ಡುಪೈಲಟ್ ಸಾಫ್ಟ್‌ವೇರ್ ಇರುವ ಕ್ವಾಡ್‌ಕಾಪ್ಟರ್‌ಗಳ ಬಗ್ಗೆ. ಉದಾಹರಣೆಗೆ ಒಂದೇ ಪ್ರಕರಣವನ್ನು ಕೊನೆತನಕ ಬಿಡಿಸುತ್ತೇನೆ. ಉಡುಪಿ ಹತ್ತಿರ ಕಲ್ಯಾಣಪುರದ ಕಡೆ, ಸ್ವರ್ಣಾ ನದಿಯ ನಡುಗಡ್ಡೆಯಾದ ಒಂದು ಕುದ್ರುವಿನ ದಂಡೆ ಎಷ್ಟು ಕೊರೆದು ಹೋಗಿದೆ ಎಂದು ನಕ್ಷೆ ಮಾಡಲು ಹೊರಟ ಇಬ್ಬರು ಹುಡುಗರ ಡ್ರೋನ್ ಅದು. ನಾಲ್ಕು ಸೆಲ್‌ನ 5200 ಎಂಎಎಚ್ ಲಿಪೊ ಬ್ಯಾಟರಿ, ಅಡಿಯಲ್ಲಿ ಕ್ಯಾಮೆರಾ, 40 ಮೀಟರ್ ಎತ್ತರದಲ್ಲಿ ಗೆರೆ ಎಳೆದ ಹಾಗೆ ಹೋಗಿ ಬರುವ ಆಟೋ ಮಿಷನ್. ಮಧ್ಯಾಹ್ನದ ಕಡಲಗಾಳಿ ಎದ್ದ ಹೊತ್ತಿನಲ್ಲಿ ಅದು ತೋಟದ ಬದಿಗೆ ಬಿತ್ತು. "ಬ್ಯಾಟರಿ ಕೈ ಕೊಟ್ಟಿತು ಮಾರಾಯ್ರೆ, ಮೇಲೆ ಹೋಗಿ ಪೂರ್ತಿ ಆಫ್ ಆಯ್ತು" ಎಂಬುದು ಅವರ ಮಾತು. ಈ ಮಾತಿನಲ್ಲಿ "ಮೇಲೆ ಹೋಗಿ" ಎನ್ನುವ ತುಣುಕನ್ನು ನೆನಪಿಟ್ಟುಕೊಳ್ಳಿ. ಬ್ಯಾಟರಿ ಸತ್ತರೆ ಡ್ರೋನ್ ಮೇಲೆ ಹೋಗುವುದಿಲ್ಲ.

## ಬಿದ್ದ ಜಾಗದಲ್ಲೇ ಮಾಡಬೇಕಾದ್ದು

ಮೊದಲು ಬ್ಯಾಟರಿ ಬಿಡಿಸಿ, ಮನೆ, ವಾಹನ, ಒಣಹುಲ್ಲಿನಿಂದ ದೂರ ಮರಳಿನ ಮೇಲಿಡಿ. ಪೆಟ್ಟು ತಿಂದ ಲಿಪೊ ಸ್ವಲ್ಪ ಹೊತ್ತಿನ ನಂತರವೂ ಹೊತ್ತಿಕೊಳ್ಳಬಹುದು. ಊದಿಕೊಳ್ಳದೆ, ಬಿಸಿಯಾಗದೆ ಇದ್ದರೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಬರೆದಿಟ್ಟುಕೊಳ್ಳಿ. ಈ ಒಂದು ಅಂಕಿ ಆಮೇಲೆ ದೊಡ್ಡ ಸಾಕ್ಷಿಯಾಗುತ್ತದೆ.

ಏನನ್ನೂ ಬಿಚ್ಚುವ ಮೊದಲು ಫೋಟೊ ತೆಗೆಯಿರಿ: ಪ್ರೊಪೆಲರ್‌ಗಳು ಎಲ್ಲಿ ಮುರಿದಿವೆ, ಕನೆಕ್ಟರ್‌ಗಳು ಕೂತಿವೆಯೇ, ಫ್ಲೈಟ್ ಕಂಟ್ರೋಲರ್‌ನ ಸುತ್ತ ವೈರ್‌ಗಳು ಹೇಗಿವೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರ್‌ನೊಳಗೆ ಹಸಿರು ಕಿಲುಬು ಹಿಡಿಯುವುದುಂಟು. ಅದನ್ನು ಎಳೆದು ಬಿಡಿಸಿದ ಮೇಲೆ ಮೊದಲು ಗಟ್ಟಿಯಾಗಿ ಕೂತಿತ್ತೋ ಇಲ್ಲವೋ ಹೇಳಲಾಗದು. ಡ್ರೋನ್ ಹಿನ್ನೀರಿಗೆ ಬಿದ್ದಿದ್ದರೆ ಮೆಮೊರಿ ಕಾರ್ಡ್ ತೆಗೆದು ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲಷ್ಟೇ ಕಂಪ್ಯೂಟರ್‌ಗೆ ಹಾಕಿ.

ಕಾರ್ಡಿನ `APM/LOGS` ಫೋಲ್ಡರ್‌ನಲ್ಲಿ `.BIN` ಕಡತಗಳಿರುತ್ತವೆ. ಕೊನೆಯದೊಂದನ್ನಷ್ಟೇ ಅಲ್ಲ, ಎಲ್ಲವನ್ನೂ ನಕಲು ಮಾಡಿ. ಚೆನ್ನಾಗಿ ಹಾರಿದ ದಿನದ ಲಾಗ್ ಪಕ್ಕದಲ್ಲಿಲ್ಲದೆ ಬಿದ್ದ ದಿನದ ಲಾಗ್‌ಗೆ ಅರ್ಧ ಅರ್ಥ ಮಾತ್ರ.

## ಮೊದಲು ಅಕ್ಷರ, ಆಮೇಲೆ ಗ್ರಾಫ್

ಗ್ರಾಫ್ ಬಿಡಿಸುವ ಆತುರ ಬೇಡ. ಡ್ರೋನ್ ತಾನೇ ಬರೆದಿಟ್ಟ ಸಂದೇಶಗಳನ್ನು ಮೊದಲು ಓದಿ. ಕಂಪ್ಯೂಟರ್‌ನಲ್ಲಿ ಪೈಮಾವ್‌ಲಿಂಕ್ ಎಂಬ ಪೈಥಾನ್ ಪ್ಯಾಕೇಜ್ ಇದ್ದರೆ ಒಂದೇ ಸಾಲು ಸಾಕು:

```
mavlogdump.py --types MODE,ERR,EV,MSG 00000042.BIN
```

ಇಲ್ಲವಾದರೆ ಡ್ರೋನ್ ಸೆಟ್ಟಿಂಗ್ ಮಾಡುವ ಕಂಪ್ಯೂಟರ್ ಪ್ರೋಗ್ರಾಂ ಮಿಷನ್ ಪ್ಲಾನರ್‌ನಲ್ಲಿ `DataFlash Logs` ಅಡಿಯ `Review a Log` ಒತ್ತಿ ಅದೇ ಸಾಲುಗಳನ್ನು ಹುಡುಕಬಹುದು. `MODE` ಸಾಲಿನಲ್ಲಿ ಯಾವ ಕ್ಷಣ ಯಾವ ಮೋಡ್‌ಗೆ ಹೋಯಿತು ಎಂಬುದಿದೆ, ಪಕ್ಕದ `Rsn` ಅಂಕಿಯಲ್ಲಿ ಹೋದದ್ದು ಯಾಕೆ ಎಂಬುದಿದೆ. `Rsn` 1 ಇದ್ದರೆ ಪೈಲಟ್ ತನ್ನ ರಿಮೋಟ್‌ನಿಂದಲೇ ಬದಲಿಸಿದ್ದು. 3 ಇದ್ದರೆ ರೇಡಿಯೊ ಫೇಲ್‌ಸೇಫ್, ಅಂದರೆ ರಿಮೋಟ್ ಸಂಪರ್ಕ ಕಡಿದಾಗ ಡ್ರೋನ್ ತಾನೇ ತೆಗೆದುಕೊಂಡ ರಕ್ಷಣೆಯ ಕ್ರಮ. 4 ಇದ್ದರೆ ಬ್ಯಾಟರಿ ತಗ್ಗಿದಾಗಿನ ಅಂಥದ್ದೇ ಕ್ರಮ, ಬ್ಯಾಟರಿ ಫೇಲ್‌ಸೇಫ್. ಗಾಬರಿಯಲ್ಲಿ ಏನೇನು ಒತ್ತಿದೆವು ಎಂದು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ, ಹಾಗಾಗಿ ಈ ಅಂಕಿಯನ್ನೇ ನಂಬಬೇಕು.

ಕಲ್ಯಾಣಪುರದ ಲಾಗ್‌ನಲ್ಲಿ ಕೊನೆಯ ಎರಡು ಮೋಡ್ ಸಾಲುಗಳು ಹೀಗಿದ್ದವು: ಹಾರಿದ 6 ನಿಮಿಷ 11ನೇ ಸೆಕೆಂಡಿಗೆ ಆಟೋದಿಂದ, ಜಾಗ ಮತ್ತು ಎತ್ತರ ಹಿಡಿದು ನಿಲ್ಲುವ ಲಾಯ್ಟರ್‌ಗೆ; 6:14ಕ್ಕೆ ಲಾಯ್ಟರ್‌ನಿಂದ, ಏರಿಳಿತ ಪೂರ್ತಿ ಪೈಲಟ್ ಕೈಯಲ್ಲಿರುವ ಸ್ಟೆಬಿಲೈಸ್‌ಗೆ. ಎರಡಕ್ಕೂ `Rsn` 1. ಬ್ಯಾಟರಿ ಫೇಲ್‌ಸೇಫ್‌ನ ಸಾಲೇ ಇರಲಿಲ್ಲ. ಅಂದರೆ ಬೀಳುವ ಮೊದಲೇ ಹುಡುಗರು ಏನನ್ನೋ ಕಂಡು ಹೆದರಿ ಮೋಡ್ ಬದಲಿಸಿದ್ದಾರೆ. ಏನನ್ನು ಕಂಡರು ಎನ್ನುವುದೇ ಮುಂದಿನ ಪ್ರಶ್ನೆ.

## ಮೊದಲು ಕದಲಿದ ಗೆರೆ ಯಾವುದು

ಎರಡು ಜೋಡಿ ಗೆರೆಗಳನ್ನು ಹಾಕಿ. ಮೊದಲನೆಯದು ವಾಲುವಿಕೆಯ ಜೋಡಿ: `ATT.DesRoll` ಎಂದರೆ ಡ್ರೋನ್ ಎಷ್ಟು ವಾಲಬೇಕೆಂದು ಬಯಸಿತು, `ATT.Roll` ಎಂದರೆ ನಿಜಕ್ಕೂ ಎಷ್ಟು ವಾಲಿತು. `DesPitch`, `Pitch` ಕೂಡ ಹೀಗೆಯೇ. ಎರಡನೆಯದು ಎತ್ತರದ ಜೋಡಿ: `CTUN.Alt` ಎಂದರೆ ಎಲ್ಲ ಸೆನ್ಸರ್‌ಗಳನ್ನು ಕೂಡಿಸಿ ಡ್ರೋನ್ ತಾನು ಎಷ್ಟು ಮೇಲಿದ್ದೇನೆಂದು ನಂಬಿದ್ದು, `CTUN.BAlt` ಎಂದರೆ ಬ್ಯಾರೋಮೀಟರ್ ಒಂದೇ ಹೇಳಿದ್ದು. ಹಾರಾಟ ಸರಿಯಿರುವಾಗ ಈ ಜೋಡಿಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡೇ ಹೋಗುತ್ತವೆ. ಯಾವ ಜೋಡಿ ಮೊದಲು ಬೇರೆಯಾಗುತ್ತದೋ ಆ ಕ್ಷಣದ ಮೇಲೆ ಗುರುತು ಹಾಕಿ. ಕಾರಣ ಆ ಗುರುತಿನ ಎಡಗಡೆ ಇದೆ. ಬಲಗಡೆ ಇರುವುದೆಲ್ಲ ಪರಿಣಾಮ, ಅದನ್ನು ಸದ್ಯಕ್ಕೆ ನೋಡಲೇಬೇಡಿ.

ನಮ್ಮ ಲಾಗ್‌ನಲ್ಲಿ ವಾಲುವಿಕೆಯ ಜೋಡಿ 6:14ರ ತನಕ ಸ್ವಲ್ಪವೂ ತಪ್ಪಿರಲಿಲ್ಲ. ಎತ್ತರದ ಜೋಡಿ ಮಾತ್ರ 6:05ಕ್ಕೇ ಬಾಯಿ ಬಿಟ್ಟಿತ್ತು. `Alt` 40ರ ಆಸುಪಾಸಿನಲ್ಲೇ ಇದ್ದು ನಿಧಾನ ಕೆಳಗಿಳಿಯುತ್ತಿದೆ, `BAlt` 43, 50, 58 ಎಂದು ಏರುತ್ತಿದೆ. ಜಿಪಿಎಸ್ ಎತ್ತರವಾದ `GPS.Alt` ಬ್ಯಾರೋಮೀಟರ್ ಪರವಾಗಿಯೇ ಸಾಕ್ಷಿ ಹೇಳಿತು. ಡ್ರೋನ್ ತಾನು ಕೆಳಗೆ ಜಾರುತ್ತಿದ್ದೇನೆಂದು ನಂಬಿ, ನಿಜದಲ್ಲಿ ರಾಕೆಟ್ಟಿನ ಹಾಗೆ ಮೇಲೇರುತ್ತಿತ್ತು.

## ಬ್ಯಾಟರಿಯ ವಿಚಾರಣೆ

`BAT.Volt` ಒಂದನ್ನೇ ಯಾವತ್ತೂ ನೋಡಬೇಡಿ. ಅದೇ ಗ್ರಾಫಿನ ಮೇಲೆ `BAT.Curr` ಹಾಕಿ. ಕರೆಂಟ್ ಹೆಚ್ಚು ಎಳೆದಾಗ ವೋಲ್ಟೇಜ್ ತಗ್ಗುವುದು ಯಾವ ಬ್ಯಾಟರಿಗಾದರೂ ಸಹಜ. ತಪ್ಪು ಬ್ಯಾಟರಿಯದ್ದಾದರೆ ಕರೆಂಟ್ ಅಷ್ಟೇ ಇದ್ದು ವೋಲ್ಟೇಜ್ ಮಾತ್ರ ಜಾರುತ್ತದೆ, ಅಥವಾ ಸ್ವಲ್ಪ ಕರೆಂಟಿಗೇ ಬಹಳ ಜಾರುತ್ತದೆ.

6:00ಕ್ಕೆ ನಮ್ಮ ಡ್ರೋನ್ 18 ಆಂಪಿಯರ್ ಎಳೆಯುತ್ತ 15.3 ವೋಲ್ಟಿನಲ್ಲಿತ್ತು. 6:09ಕ್ಕೆ ಕರೆಂಟ್ 52ಕ್ಕೆ ಏರಿ ವೋಲ್ಟೇಜ್ 14.1ಕ್ಕೆ ಇಳಿಯಿತು. 34 ಆಂಪಿಯರ್ ಹೆಚ್ಚಿದ್ದಕ್ಕೆ 1.2 ವೋಲ್ಟ್ ತಗ್ಗಿದೆ. ಭಾಗಿಸಿದರೆ ಬ್ಯಾಟರಿ, ವೈರು, ಕನೆಕ್ಟರ್ ಎಲ್ಲ ಸೇರಿ 0.035 ಓಮ್ ಆಯಿತು. ಸ್ವಲ್ಪ ಬಳಸಿದ ಬ್ಯಾಟರಿಗೆ ಇದು ಗಾಬರಿಯ ಅಂಕಿಯಲ್ಲ. ಇದನ್ನು ಹಳೆಯ ಲಾಗ್‌ನ ಟೇಕಾಫ್ ಹೊತ್ತಿನ ಲೆಕ್ಕದೊಂದಿಗೆ ಹೋಲಿಸಿ. ಅಲ್ಲಿಗಿಂತ ಇಲ್ಲಿ ಎರಡು ಪಟ್ಟಾಗಿದ್ದರೆ ಆಗ ಬ್ಯಾಟರಿಯನ್ನೋ ಕಿಲುಬು ಹಿಡಿದ ಕನೆಕ್ಟರನ್ನೋ ಅನುಮಾನಿಸಬೇಕು. ಈ ಲಾಗ್‌ಗಳಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಂತು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ 6:14ರದ್ದು. ಡ್ರೋನ್ "ಆಫ್ ಆದ" ಆ ಕ್ಷಣದಲ್ಲಿ ವೋಲ್ಟೇಜ್ ಬೀಳಲಿಲ್ಲ, 15.8ಕ್ಕೆ ಏರಿತು. ಕರೆಂಟ್ 2 ಆಂಪಿಯರ್‌ಗೆ ಇಳಿದಿತ್ತು. ಸತ್ತ ಬ್ಯಾಟರಿ ಹೀಗೆ ಜಿಗಿದು ಮೇಲೆ ಬರುವುದಿಲ್ಲ. ಮೋಟಾರ್‌ಗಳು ಕರೆಂಟ್ ಕೇಳುವುದನ್ನೇ ನಿಲ್ಲಿಸಿದಾಗ ಮಾತ್ರ ಹೀಗಾಗುತ್ತದೆ. ಬಿದ್ದ ಮೇಲೆ ಹುಡುಗರು ಮಲ್ಟಿಮೀಟರ್ ಹಿಡಿದು ನೋಡಿದ್ದೂ 15.8ರ ಹತ್ತಿರವೇ ಇದ್ದ ಕಾರಣ, ವೋಲ್ಟೇಜ್ ಮತ್ತು ಕರೆಂಟ್ ಅಳೆಯುವ ಪವರ್ ಮಾಡ್ಯೂಲ್ ಸುಳ್ಳು ಅಳತೆ ಕೊಟ್ಟಿರಬಹುದು ಎಂಬ ಅನುಮಾನವೂ ಹೋಯಿತು.

ಇನ್ನೊಂದು ವಿದ್ಯುತ್ ದೋಷವಿದೆ, ಅದನ್ನೂ ತಳ್ಳಿಹಾಕಬೇಕು. ಕಂಟ್ರೋಲರ್‌ಗೇ ಕರೆಂಟ್ ಹೋದರೆ ಲಾಗ್ ಆಕಾಶದಲ್ಲೇ ತುಂಡಾಗುತ್ತದೆ: ಕೊನೆಯ ಸಾಲಿನಲ್ಲಿ ಎತ್ತರ 30 ಮೀಟರ್ ಎಂದಿದ್ದು ಮುಂದೆ ಏನೂ ಇರುವುದಿಲ್ಲ. ಅದಕ್ಕೆ ಮುಂಚೆ ಕಂಟ್ರೋಲರ್‌ಗೆ ಸಿಕ್ಕ ವೋಲ್ಟೇಜ್ ಆದ `POWR.Vcc` ನೋಡಬೇಕು. ಅದು 5 ವೋಲ್ಟಿನ ಆಸುಪಾಸಿನಲ್ಲಿ ನೆಟ್ಟಗೆ ಇರಬೇಕು, 0.15 ವೋಲ್ಟಿನೊಳಗಿನ ಏರಿಳಿತ ಸಾಮಾನ್ಯ. ಹಾಗೆಂದು ತುಂಡಾದ ಲಾಗ್‌ನಲ್ಲಿ ಕುಸಿತ ಕಾಣಲೇಬೇಕೆಂದಿಲ್ಲ. ಕನೆಕ್ಟರ್ ಕಳಚಿದರೆ ಬರೆಯಲು ಸಮಯವೇ ಸಿಗುವುದಿಲ್ಲ, `Vcc` ಕೊನೆಯ ಸಾಲಿನ ತನಕ ಚೆನ್ನಾಗಿಯೇ ಇರುತ್ತದೆ. ನಮ್ಮ ಲಾಗ್ ನೆಲಕ್ಕೆ ಬಡಿದ ಮೇಲೂ ನಡೆಯುತ್ತಿತ್ತು. ಹಾಗಾಗಿ ಬ್ಯಾಟರಿ, ವಿದ್ಯುತ್ ಎರಡೂ ಇಲ್ಲಿಗೆ ಬಿಡುಗಡೆ.

## ಕಂಪನ

`VIBE.VibeX`, `VibeY`, `VibeZ` ಮೂರನ್ನೂ, ಜೊತೆಗೆ `Clip` ಅನ್ನೂ ಹಾಕಿ. ಹಳೆಯ ಆವೃತ್ತಿಗಳಲ್ಲಿ ಅದು `Clip0`, `Clip1`, `Clip2` ಎಂದು ಇರುತ್ತದೆ. ಮೊದಲ ಮೂರು ಅಂಕಿಗಳು 30ರ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. 60 ದಾಟಿದರೆ ಎತ್ತರ, ಜಾಗ ಹಿಡಿದು ನಿಲ್ಲುವುದು ಹೆಚ್ಚುಕಡಿಮೆ ಖಂಡಿತ ಕೆಡುತ್ತದೆ. ನಡುವಿನದ್ದು ಅನುಮಾನದ ವಲಯ. `Clip` ಎಂದರೆ ಅಕ್ಸೆಲರೋಮೀಟರ್ ತನ್ನ ಅಳತೆಯ ಮಿತಿಗೆ ತಾಗಿ ಮುಂದಿನದನ್ನು ಅಳೆಯಲಾಗದೆ ಹೋದ ಸಲಗಳ ಎಣಿಕೆ. ಹಾರುವಾಗ ಅದು ಸೊನ್ನೆಯಲ್ಲೇ ಇರಬೇಕು, ನೆಲಕ್ಕೆ ಇಳಿಯುವಾಗಿನ ಒಂದೆರಡು ಪೆಟ್ಟು ಲೆಕ್ಕಕ್ಕಿಲ್ಲ. ನಾನು ಹೆಚ್ಚು ನಂಬುವುದು `Clip` ಅನ್ನೇ. ಅಳತೆ ತುಂಬಿ ಹರಿದ ಮೇಲೆ ಸೆನ್ಸರ್ ಕೊಡುವ ಸರಾಸರಿ ಒಂದು ಕಡೆಗೆ ವಾಲುತ್ತದೆ. ಆ ವಾಲನ್ನು ಸಾಫ್ಟ್‌ವೇರ್ "ನಾನು ಕೆಳಗೆ ಹೋಗುತ್ತಿದ್ದೇನೆ" ಎಂದು ಅರ್ಥಮಾಡಿಕೊಂಡರೆ ಥ್ರಾಟಲ್ ಏರಿಸುತ್ತದೆ. ಥ್ರಾಟಲ್ ಏರಿದರೆ ಕಂಪನ ಇನ್ನೂ ಹೆಚ್ಚುತ್ತದೆ, ಸುಳ್ಳು ಇನ್ನೂ ದೊಡ್ಡದಾಗುತ್ತದೆ.

ನಮ್ಮ ಡ್ರೋನ್‌ನಲ್ಲಿ `VibeZ` ಹೊರಟಾಗಿನಿಂದಲೇ 35ರಿಂದ 45ರ ನಡುವೆ ಇತ್ತು. ಮಿಷನ್‌ನ ಗೆರೆ ಪಡುವಣಕ್ಕೆ ತಿರುಗಿ ಗಾಳಿಗೆ ಎದುರಾದಾಗ, 6:02ಕ್ಕೆ, ಅದು 60 ದಾಟಿತು, `Clip` ಎಣಿಕೆ ಶುರುವಾಯಿತು. ಮೂರು ಸೆಕೆಂಡಿನ ನಂತರ ಎತ್ತರದ ಜೋಡಿ ಬಿಚ್ಚಿಕೊಂಡಿತು.

ಇಲ್ಲಿ ಒಂದು ಆಕ್ಷೇಪ ಎತ್ತಲೇಬೇಕು. ಮೋಟಾರ್‌ಗಳು ಜೋರಾಗಿ ತಿರುಗಿದ್ದರಿಂದಲೇ ಕಂಪನ ಬಂದಿರಬಹುದಲ್ಲ? ಅದನ್ನು ತೀರ್ಮಾನಿಸುವುದು `CTUN.ThO`, ಅಂದರೆ ಮೋಟಾರ್‌ಗಳಿಗೆ ಹೋದ ಥ್ರಾಟಲ್. 6:02ಕ್ಕೆ ಅದು 0.38ರಿಂದ 0.42ಕ್ಕೆ ಮಾತ್ರ ಬಂದಿತ್ತು. 0.9ಕ್ಕೆ ಹಾರಿದ್ದು 6:05ರ ನಂತರ. ಕಂಪನ ಮೊದಲು, ಥ್ರಾಟಲ್ ಆಮೇಲೆ. ಈ ಕ್ರಮ ತಿರುಗುಮುರುಗಾಗಿದ್ದರೆ ನಾನು ಕಂಪನವನ್ನು ದೂರುತ್ತಿರಲಿಲ್ಲ. ಜೊತೆಗೆ `XKF3.IVD`, `XKF3.IPD` ಎರಡೂ ಧನಾತ್ಮಕವಾಗಿ ಏರಿದ್ದವು. ಲೆಕ್ಕ ಹಾಕಿದ ಎತ್ತರಕ್ಕೂ ಅಳತೆಯಿಂದ ಬಂದ ಎತ್ತರಕ್ಕೂ ಜಗಳವಿದೆ, ಲೆಕ್ಕವೇ ಕೆಳಗೆ ಎಳೆಯುತ್ತಿದೆ ಎಂದು ಇದರ ಅರ್ಥ.

ಇನ್ನು ಮೂಲ ಎಲ್ಲಿ? ಹಳೆಯ ಲಾಗ್‌ಗಳನ್ನು ಒಂದೊಂದಾಗಿ ತೆರೆದು `VibeZ` ನೋಡುತ್ತ ಹಿಂದೆ ಹೋದೆವು. ಮಳೆಗಾಲಕ್ಕೆ ಮುಂಚಿನ ಹಾರಾಟಗಳಲ್ಲಿ ಅದು 14ರ ಹತ್ತಿರ. ಪವರ್ ಮಾಡ್ಯೂಲ್ ಬದಲಿಸಿದ ಮೇಲಿನ ಮೊದಲ ಹಾರಾಟದಿಂದಲೇ 35. ಕೇಸ್ ಬಿಚ್ಚಿದರೆ ಕಾರಣ ಕಣ್ಣೆದುರಿಗೇ ಇತ್ತು: ಹೊಸ ಮಾಡ್ಯೂಲ್‌ನ ಗಟ್ಟಿ ವೈರ್ ಕಟ್ಟು ಕಂಟ್ರೋಲರನ್ನು ಒಂದು ಬದಿಗೆ ಒತ್ತಿ ಹಿಡಿದಿತ್ತು, ಆ ಬದಿಯ ಫೋಮ್ ಟೇಪ್ ಚಪ್ಪಟೆಯಾಗಿತ್ತು. ಫೋಮ್ ಮೆತ್ತಗಿದ್ದರೆ ತಾನೇ ಕಂಪನ ತಡೆಯುವುದು? ವೈರ್ ಮೂಲಕ ಫ್ರೇಮಿನ ನಡುಕ ನೇರವಾಗಿ ಒಳಗೆ ಹೋಗುತ್ತಿತ್ತು. ಒಂದು ಪ್ರೊಪೆಲರ್‌ನ ಅಂಚು ಮೊದಲೇ ಚಕ್ಕೆ ಎದ್ದಿತ್ತೆಂದು ಹುಡುಗರು ಹೇಳಿದರು. ಆದರೆ ಅದು ಬಿದ್ದಾಗ ಪುಡಿಯಾಗಿದ್ದರಿಂದ ಅದರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾಗುವುದಿಲ್ಲ.

## ಹಾಗಾದರೆ ಕೆಳಗೆ ಬಿದ್ದದ್ದು ಯಾಕೆ?

ಕಂಪನದಿಂದ ಅದು ಮೇಲೆ ಹೋಯಿತು, ಸರಿ. ಬೀಳಿಸಿದ್ದು ಬೇರೆ. 6:11ಕ್ಕೆ ಲಾಯ್ಟರ್‌ಗೆ ಹಾಕಿದ ಪೈಲಟ್, ಇಳಿಸಲೆಂದು ಥ್ರಾಟಲ್ ಕಡ್ಡಿಯನ್ನು ಪೂರ್ತಿ ಕೆಳಗೆಳೆದ. ರಿಮೋಟ್‌ನ ಥ್ರಾಟಲ್ ಕಡ್ಡಿಯನ್ನು ದಾಖಲಿಸುವ `RCIN.C3` ತಳಕ್ಕೆ ಬಂದದ್ದು ಅದರ ಗುರುತು. ಲಾಯ್ಟರ್ ಕೂಡ ಅದೇ ಸುಳ್ಳು ಎತ್ತರವನ್ನು ನಂಬುವುದರಿಂದ ಡ್ರೋನ್ ಏರುತ್ತಲೇ ಹೋಯಿತು. 75 ಮೀಟರ್ ಹತ್ತಿರ ಆತ ಸ್ಟೆಬಿಲೈಸ್‌ಗೆ ತಿರುಗಿಸಿದ. ಅದು ಸರಿಯಾದ ಯೋಚನೆಯೇ, ಏಕೆಂದರೆ ಸ್ಟೆಬಿಲೈಸ್ ಎತ್ತರದ ಲೆಕ್ಕವನ್ನು ಬಳಸುವುದಿಲ್ಲ. ಆದರೆ ಕಡ್ಡಿ ಇನ್ನೂ ತಳದಲ್ಲಿತ್ತು. ಸ್ಟೆಬಿಲೈಸ್‌ನಲ್ಲಿ ಕಡ್ಡಿ ತಳದಲ್ಲಿದ್ದರೆ ಮೋಟಾರ್‌ಗಳು ನೆಲದ ಮೇಲಿನ ಮಂದ ತಿರುಗುವಿಕೆಗೆ ಇಳಿಯುತ್ತವೆ, ಸಮತೋಲನವನ್ನೂ ಹಿಡಿಯುವುದಿಲ್ಲ. ನಾಲ್ಕು ಮೋಟಾರ್‌ಗಳಿಗೆ ಹೋದ ಆದೇಶದ ಗೆರೆಗಳಾದ `RCOU.C1`ರಿಂದ `C4`ರ ತನಕ ನಾಲ್ಕೂ ಒಟ್ಟಿಗೆ 1100ಕ್ಕೆ ಬಂದದ್ದು ಇದನ್ನೇ ತೋರಿಸಿತು. ಇಂಥ ಹೊತ್ತಿನಲ್ಲಿ ಕಡ್ಡಿಯನ್ನು ಮೊದಲು ನಡುವಿಗೆ ತಂದು ಆಮೇಲೆ ಮೋಡ್ ಬದಲಿಸಬೇಕು. ಇದನ್ನು ನೆಲದ ಮೇಲೆ, ಪ್ರೊಪೆಲರ್ ತೆಗೆದಿಟ್ಟು, ಕೈಗೆ ಒಗ್ಗುವ ತನಕ ಅಭ್ಯಾಸ ಮಾಡಿಸಬೇಕು. ಆ ಹುಡುಗನ ಜಾಗದಲ್ಲಿ ಅಭ್ಯಾಸವಿಲ್ಲದ ಯಾರಿದ್ದರೂ ಕಡ್ಡಿಯನ್ನು ಕೆಳಗೇ ಎಳೆಯುತ್ತಿದ್ದರು.

ಈ `RCOU` ಗೆರೆಗಳು ಬೇರೆ ಪ್ರಕರಣಗಳಲ್ಲೂ ಬಹಳ ಮಾತನಾಡುತ್ತವೆ. ನಾಲ್ಕೂ ಒಟ್ಟಿಗೆ ತುದಿಗೆ ಏರಿ ಡ್ರೋನ್ ನಿಧಾನ ಕೆಳಗೆ ಕುಸಿದರೆ ಎತ್ತುವ ಶಕ್ತಿಯೇ ಸಾಲದು: ಭಾರ ಹೆಚ್ಚು ಅಥವಾ ಬ್ಯಾಟರಿ ಸೋತಿದೆ. ಒಂದೇ ಮೋಟಾರ್‌ನ ಗೆರೆ ತುದಿಗೆ ಏರಿ, ಅದರ ಕರ್ಣದ ಎದುರಿನದು ತಳಕ್ಕೆ ಇಳಿದರೆ, ಏರಿದ ಮೋಟಾರ್ ತಿರುಗುವುದನ್ನು ನಿಲ್ಲಿಸಿದೆ. ಎಕ್ಸ್ ಆಕಾರದ ಕ್ವಾಡ್‌ನಲ್ಲಿ 1 ಮುಂದಿನ ಬಲ, 2 ಹಿಂದಿನ ಎಡ, 3 ಮುಂದಿನ ಎಡ, 4 ಹಿಂದಿನ ಬಲ. `MSG`ನಲ್ಲಿ `Potential Thrust Loss` ಎಂದು ಮೋಟಾರ್ ಸಂಖ್ಯೆ ಸಮೇತ ಬಂದಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

## ಸೆಟ್ಟಿಂಗ್‌ಗಳ ಪಾಲು

ಸೆಟ್ಟಿಂಗ್ ತಪ್ಪಿನಲ್ಲಿ ಎರಡು ಬಗೆ. ಒಂದು, ತಾನೇ ಬೀಳಿಸುವಂಥದ್ದು. ಟ್ಯೂನಿಂಗ್ ವಿಪರೀತವಾದಾಗ, ವಾಲುವ ನಿಜವಾದ ವೇಗದ `RATE.R` ಗೆರೆ, ಬಯಸಿದ ವೇಗದ `RATE.RDes` ಸುತ್ತ ಗರಗಸದ ಹಲ್ಲಿನಂತೆ ವೇಗವಾಗಿ ಹೊಡೆದುಕೊಳ್ಳುತ್ತದೆ, ನಾಲ್ಕೂ `RCOU` ಗೆರೆಗಳು ದಪ್ಪಗಾಗುತ್ತವೆ. ಆಗ `VIBE` ಕೂಡ ಏರುವುದರಿಂದ ಕಂಪನದ ಮೇಲೆ ತಪ್ಪು ಹೊರಿಸುವ ಅಪಾಯವಿದೆ. ನಮ್ಮ ಲಾಗ್‌ನಲ್ಲಿ ಈ ಗೆರೆಗಳು ಶಾಂತವಾಗಿದ್ದವು.

ಇನ್ನೊಂದು ಬಗೆ, ಕಾಪಾಡಬೇಕಾದದ್ದನ್ನು ಕಾಪಾಡದಂತೆ ಮಾಡುವುದು. ಲಾಗ್‌ನೊಳಗಿನ `PARM` ಪಟ್ಟಿಯನ್ನು ಆವೃತ್ತಿಯ ಮೂಲ ಬೆಲೆಗಳೊಂದಿಗೆ ಹೋಲಿಸಿದಾಗ `FS_VIBE_ENABLE` ಸೊನ್ನೆಯಾಗಿತ್ತು. ಮೂಲದಲ್ಲಿ ಅದು 1. ಅದು ಕೆಲಸ ಮಾಡಿದ್ದರೆ, ಎತ್ತರದ ಲೆಕ್ಕ ಕಂಪನದಿಂದ ಕೆಟ್ಟಿದೆ ಎಂದು ಗುರುತಿಸಿ ಡ್ರೋನ್ ಬೇರೆ ಬಗೆಯ ನಿಯಂತ್ರಣಕ್ಕೆ ಹೋಗುತ್ತಿತ್ತು, ಲಾಗ್‌ನಲ್ಲಿ `Vibration compensation ON` ಎಂಬ ಸಂದೇಶವೂ `ERR` ಸಾಲಿನಲ್ಲಿ `Subsys` 29 ಕೂಡ ಇರುತ್ತಿದ್ದವು. ಡ್ರೋನ್ ಖಂಡಿತ ಉಳಿಯುತ್ತಿತ್ತು ಎನ್ನಲಾರೆ, ಏರುವಿಕೆ ತಗ್ಗುವ ಅವಕಾಶವಂತೂ ಇತ್ತು. ಬೇರೊಂದು ಫ್ರೇಮಿನ ಪ್ಯಾರಾಮೀಟರ್ ಕಡತವನ್ನು ಇಡಿಯಾಗಿ ಇದಕ್ಕೆ ಹಾಕಿದ್ದರಿಂದ ಆ ಸೊನ್ನೆ ಬಂದಿತ್ತು.

## ಸರಿಮಾಡಿ ಮತ್ತೆ ಅಳೆಯುವುದು

ವೈರ್‌ಗಳಿಗೆ ಸಡಿಲ ಕೊಟ್ಟು, ಕಂಟ್ರೋಲರ್‌ನಿಂದ ಬೇರೆಯಾಗಿ ಫ್ರೇಮಿಗೆ ಕಟ್ಟಿ, ಹೊಸ ಫೋಮ್ ಹಾಕಿ, ಪ್ರೊಪೆಲರ್ ಬದಲಿಸಿ, `FS_VIBE_ENABLE` ಅನ್ನು 1 ಮಾಡಿದ ಮೇಲೆ ಬಯಲಿನಲ್ಲಿ ಆಳೆತ್ತರದಲ್ಲಿ ನಿಲ್ಲಿಸಿ ಹಾರಿಸಿದಾಗ `VibeZ` 16ಕ್ಕೆ ಬಂತು, `Clip` ಸೊನ್ನೆ. ಅಷ್ಟಕ್ಕೇ ಬಿಡಬಾರದು. ಈ ಡ್ರೋನ್ ಕೆಟ್ಟದ್ದು ಗಾಳಿಗೆ ಎದುರಾಗಿ ಓಡುವಾಗ, ನಿಂತಾಗ ಅಲ್ಲ. ಹಾಗಾಗಿ ಮಿಷನ್‌ನ ವೇಗದಲ್ಲೇ, ಕಡಲಗಾಳಿಗೆ ಎದುರಾಗಿ ಒಂದು ಉದ್ದದ ಓಟ ಓಡಿಸಿ ಆ ಲಾಗ್ ನೋಡಬೇಕು.

ಅಂಕಿ ಇನ್ನೂ 30ರ ಮೇಲೇ ನಿಂತರೆ ಮೂಲ ಹುಡುಕಲು ಸಾಮಾನ್ಯ ಲಾಗ್ ಸಾಲದು. ಅದು ಕಂಪನದ ಪ್ರಮಾಣ ಹೇಳುತ್ತದೆ, ಆವರ್ತನ ಹೇಳುವುದಿಲ್ಲ. `INS_LOG_BAT_MASK` ಅನ್ನು 1 ಮಾಡಿ, `LOG_BITMASK`ನಲ್ಲಿ `IMU_RAW` ಆಯ್ಕೆಯಾಗಿಲ್ಲವೆಂದು ಖಚಿತಪಡಿಸಿಕೊಂಡು, ಕಂಟ್ರೋಲರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ, ಇನ್ನೊಮ್ಮೆ ನಿಲ್ಲಿಸಿ ಹಾರಿಸಿ. ಆ ಲಾಗ್ ಅನ್ನು ಮಿಷನ್ ಪ್ಲಾನರ್‌ನಲ್ಲಿ ಕಂಪನವನ್ನು ಆವರ್ತನಗಳಾಗಿ ಬಿಡಿಸುವ FFT ಉಪಕರಣಕ್ಕೆ ಕೊಟ್ಟರೆ ಯಾವ ಹರ್ಟ್ಸ್‌ನಲ್ಲಿ ಗುಡ್ಡ ಎದ್ದಿದೆ ಎಂದು ಕಾಣುತ್ತದೆ. ಪ್ರೊಪೆಲರ್ ನಿಮಿಷಕ್ಕೆ 4800 ಸುತ್ತು ತಿರುಗುತ್ತಿದ್ದರೆ ಅದು 80 ಹರ್ಟ್ಸ್. ಗುಡ್ಡ ಅಲ್ಲಿದ್ದರೆ ಪ್ರೊಪೆಲರ್ ಅಥವಾ ಮೋಟಾರ್ ಸಮತೂಕ ತಪ್ಪಿದೆ. ಅಲಗುಗಳ ಸಂಖ್ಯೆಗೆ ತಕ್ಕ ಎರಡು ಪಟ್ಟು, ಅಂದರೆ 160ರಲ್ಲಿದ್ದರೆ ಎರಡು ಅಲಗಿನ ಪ್ರೊಪೆಲರ್ ಗಾಳಿ ಕತ್ತರಿಸುವ ಸಹಜ ಬಡಿತ. ಮೋಟಾರ್ ವೇಗ ಬದಲಾದರೂ ಜಾಗ ಬದಲಿಸದ ಗುಡ್ಡವಾದರೆ ಸಡಿಲವಾದ ತೋಳು, ಕ್ಯಾಮೆರಾ ಸ್ಟ್ಯಾಂಡ್ ಅಥವಾ ಲ್ಯಾಂಡಿಂಗ್ ಕಾಲುಗಳ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು ನೋಡಿ.